ಮರಕುಂಬಿಯ 101 ಜನ: ಗುಂಪಿನಲ್ಲಿದ್ದವರೆಲ್ಲ ಹೊಣೆಯಾಗುವುದು ಹೇಗೆ?

2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ಕೋರ್ಟು ಒಂದೇ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು ಮೂವರಿಗೆ ಐದೈದು ವರ್ಷ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಕೇರಿಗೆ ನುಗ್ಗಿ, ಗುಡಿಸಲುಗಳಿಗೆ ಬೆಂಕಿ ಹಚ್ಚಿ, ಸಿಕ್ಕವರನ್ನು ಹೊಡೆದ ಪ್ರಕರಣ ಅದು. ಕ್ಷೌರದಂಗಡಿ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳದ ವಿಚಾರಕ್ಕೆ ಊರಲ್ಲಿ ಮೊದಲೇ ಹೊಗೆಯಾಡುತ್ತಿತ್ತು. ಆವತ್ತು ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೆಟ್ ವಿಷಯಕ್ಕೆ ಆದ ಜಗಳ ಕಿಡಿಯಾಯಿತು.

ತೀರ್ಪು ಬಂದ ದಿನ ಬಹಳ ಜನ ಕೇಳಿದ ಪ್ರಶ್ನೆ ಒಂದೇ. ಬೆಂಕಿಕಡ್ಡಿ ಗೀರಿದವರು ಹೆಚ್ಚೆಂದರೆ ನಾಲ್ಕೈದು ಜನ ಇರಬಹುದು. ಉಳಿದವರಿಗೆ ಯಾಕೆ ಅದೇ ಶಿಕ್ಷೆ? ಅಲ್ಲಿ ಯಾರೂ ಸತ್ತಿರಲಿಲ್ಲ, ಆದರೂ 98 ಜೀವಾವಧಿಯಾ?

ಈ ಪ್ರಶ್ನೆ ಸರಿಯಾಗಿಯೇ ಇದೆ. ಶಿಕ್ಷೆ ಎಂದರೆ ಮಾಡಿದವನಿಗೆ, ಅವನು ಮಾಡಿದ್ದಕ್ಕೆ ಎನ್ನುವುದು ನಮ್ಮ ಸಾಮಾನ್ಯ ತಿಳಿವಳಿಕೆ. ಆದರೆ ಗುಂಪು ಸೇರಿ ಮಾಡಿದ ಅಪರಾಧಕ್ಕೆ ಕಾನೂನು ಬೇರೆ ಲೆಕ್ಕ ಹಾಕುತ್ತದೆ. ಯಾರ ಕೈಯಲ್ಲಿ ಕಡ್ಡಿ ಇತ್ತು ಎಂದು ಅದು ಕೊನೆಗೆ ಕೇಳುತ್ತದೆ. ಮೊದಲು ಕೇಳುವುದು ಎರಡು ವಿಷಯ: ನೀನು ಆ ಗುಂಪಿನ ಸದಸ್ಯನಾ? ಆ ಗುಂಪು ಸೇರಿದ್ದು ಯಾತಕ್ಕೆ?

ಇದರ ಮೂಲ ಹಳೆಯ ಭಾರತೀಯ ದಂಡ ಸಂಹಿತೆಯ 149ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 190ನೇ ಕಲಂ ಆಗಿದೆ. ನಂಬರ್ ಬದಲಾಗಿದೆ, ಒಳಗಿನ ಸರಕು ಅದೇ. ಜುಲೈ 1ಕ್ಕಿಂತ ಹಿಂದಿನ ಘಟನೆಗಳಿಗೆ ಈಗಲೂ ಹಳೆಯ ನಂಬರೇ ಅನ್ವಯ. ಹಾಗಾಗಿ ಇನ್ನೂ ಹಲವು ವರ್ಷ ಕೋರ್ಟಿನಲ್ಲಿ ಎರಡೂ ಕೇಳಿಸುತ್ತಿರುತ್ತವೆ.

ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ, ಕಾನೂನು ಪಟ್ಟಿ ಮಾಡಿರುವ ಕೆಲವು ಉದ್ದೇಶಗಳಲ್ಲಿ ಒಂದನ್ನು ಎಲ್ಲರೂ ಇಟ್ಟುಕೊಂಡಿದ್ದರೆ ಅದು ಅಕ್ರಮ ಕೂಟ. ಬಲಪ್ರಯೋಗ ಮಾಡಿ ಸರ್ಕಾರವನ್ನು ಬೆದರಿಸುವುದು, ಕಾನೂನು ಕ್ರಮಕ್ಕೆ ಅಡ್ಡಿಪಡಿಸುವುದು, ಯಾವುದಾದರೂ ಅಪರಾಧ ಮಾಡುವುದು, ಬಲವಂತವಾಗಿ ಆಸ್ತಿಯನ್ನೋ ದಾರಿಯನ್ನೋ ನೀರಿನ ಹಕ್ಕನ್ನೋ ಕಸಿಯುವುದು, ಒಬ್ಬನಿಂದ ಬಲವಂತವಾಗಿ ಏನನ್ನಾದರೂ ಮಾಡಿಸುವುದು ಆ ಪಟ್ಟಿಯಲ್ಲಿವೆ. ಗುಂಪು ಸೇರುವಾಗ ಒಳ್ಳೆಯದೇ ಇರಬಹುದು. ಮದುವೆ ದಿಬ್ಬಣ, ಜಾತ್ರೆ, ಗಣೇಶನ ಮೆರವಣಿಗೆ, ಯಾವುದಾದರೂ ಸರಿ. ನಡುವೆ ಉದ್ದೇಶ ಬದಲಾದರೆ ಅದೇ ಜನ ಆ ಕ್ಷಣದಿಂದ ಅಕ್ರಮ ಕೂಟವಾಗಬಹುದು ಎಂದು ಕಾನೂನೇ ಹೇಳುತ್ತದೆ. ಉದ್ದೇಶ ಏನೆಂದು ಗೊತ್ತಾದ ಮೇಲೂ ಬೇಕೆಂದೇ ಅಲ್ಲಿ ಉಳಿದವನು ಸದಸ್ಯ. ಗೊತ್ತಾದ ತಕ್ಷಣ ಬಿಟ್ಟು ಹೋದವನು ಸದಸ್ಯನಲ್ಲ.

ಇಷ್ಟಾದ ಮೇಲೆ 149ರ ಕೆಲಸ ಶುರು. ಕೂಟದ ಒಬ್ಬ ಸದಸ್ಯ ಸಮಾನ ಉದ್ದೇಶ ಸಾಧಿಸಲು ಒಂದು ಅಪರಾಧ ಮಾಡಿದರೆ, ಆ ಹೊತ್ತಿನಲ್ಲಿ ಸದಸ್ಯರಾಗಿದ್ದ ಪ್ರತಿಯೊಬ್ಬರೂ ಅದೇ ಅಪರಾಧ ಮಾಡಿದಂತೆ. ಸಹಾಯ ಮಾಡಿದ ತಪ್ಪು ಎನ್ನುವ ಸಣ್ಣ ಹೆಸರು ಇಲ್ಲಿಲ್ಲ. ಬೆಂಕಿ ಇಟ್ಟವನಿಗೆ ಯಾವ ಕಲಮೋ ಇವರಿಗೂ ಅದೇ ಕಲಂ, ಅವನಿಗೆ ಇರುವ ಶಿಕ್ಷೆಯೇ ಇವರಿಗೂ.

ಮರಕುಂಬಿಯ ಲೆಕ್ಕ ಈಗ ಅರ್ಥವಾಗುತ್ತದೆ. ಪರಿಶಿಷ್ಟರ ವಾಸದ ಮನೆ ನಾಶವಾಗಲಿ ಎಂದು ಬೆಂಕಿ ಹಚ್ಚಿದರೆ, ದೌರ್ಜನ್ಯ ತಡೆ ಕಾಯ್ದೆಯ 3(2)ನೇ ಕಲಂ ಅದಕ್ಕೆ ಜೀವಾವಧಿಯನ್ನೇ ಹೇಳುತ್ತದೆ. ಪ್ರಾಣಹಾನಿ ಆಗಿರಲೇಬೇಕು ಎಂದಿಲ್ಲ. ಆ ಕಾಯ್ದೆ ಬೆಂಕಿಗೆ ಬೆಲೆ ಕಟ್ಟಿತು, ಅಕ್ರಮ ಕೂಟದ ಕಲಂ ಆ ಬೆಲೆಯನ್ನು ಗುಂಪಿಗೆಲ್ಲ ಹಂಚಿತು. ಐದು ವರ್ಷದ ಶಿಕ್ಷೆ ಪಡೆದ ಮೂವರ ಕಥೆ ಇನ್ನೂ ಕುತೂಹಲದ್ದು. ಅವರೂ ಅದೇ ಗುಂಪಿನಲ್ಲಿದ್ದರು ಎಂದು ಕೋರ್ಟು ಒಪ್ಪಿತು. ಆದರೆ ಅವರು ಸ್ವತಃ ಪರಿಶಿಷ್ಟ ಸಮುದಾಯದವರು. ಆ ಕಾಯ್ದೆ ಅನ್ವಯಿಸುವುದು ಪರಿಶಿಷ್ಟರಲ್ಲದವರಿಗೆ ಮಾತ್ರ. ಹಾಗಾಗಿ ಅವರಿಗೆ ಉಳಿದದ್ದು ಸಾಮಾನ್ಯ ದಂಡ ಸಂಹಿತೆಯ ಅಪರಾಧಗಳಷ್ಟೇ. ಗುಂಪಿನ ಹೊಣೆ ಎಷ್ಟೇ ದೊಡ್ಡದಾದರೂ, ಒಬ್ಬನಿಗೆ ಅನ್ವಯವಾಗದ ಕಾನೂನನ್ನು ಅವನ ತಲೆಗೆ ಕಟ್ಟಲು ಆಗುವುದಿಲ್ಲ.

ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅಪರಾಧಿಗಳಲ್ಲಿ ಬಹುತೇಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಜಾಮೀನು ಕೊಟ್ಟರು ಎಂದರೆ ಬಿಡುಗಡೆಯಾಯಿತು ಎಂದಲ್ಲ. ಇಂಥ ಮೇಲ್ಮನವಿಗಳಲ್ಲಿ ಜಗ್ಗಾಟ ನಡೆಯುವುದು ಮುಖ್ಯವಾಗಿ ಎರಡು ಕಡೆ: ಉದ್ದೇಶ ಯಾವುದು, ಸದಸ್ಯರು ಯಾರು. ಒಂದೊಂದನ್ನೇ ನೋಡೋಣ.

ಉದ್ದೇಶದ ವಿಷಯಕ್ಕೆ ನಮ್ಮದೇ ನೆಲದ ಒಂದು ಹಳೆಯ ತೀರ್ಪಿದೆ. ಚಿಕ್ಕರಂಗೇಗೌಡ ವಿರುದ್ಧ ಮೈಸೂರು ರಾಜ್ಯ, 1956, ಸುಪ್ರೀಂ ಕೋರ್ಟು. ಹಳ್ಳಿಯೊಂದರಲ್ಲಿ ಗುಂಪು ಸೇರಿ ಒಬ್ಬನ ಮೇಲೆ ಬಿದ್ದಿತು, ಅವನು ಸತ್ತ. ಗುಂಪು ಬಂದದ್ದು ಅವನಿಗೆ ಬುದ್ಧಿ ಕಲಿಸಲು, ಅಂದರೆ ನಾಲ್ಕು ಬಾರಿಸಲು ಎಂದು ಹೈಕೋರ್ಟೇ ಹೇಳಿತ್ತು. ಕೊಲ್ಲುವುದು ಉದ್ದೇಶವಾಗಿತ್ತು ಎಂದು ಹೇಳಿರಲಿಲ್ಲ. ಕೊಲೆಯಾಗಬಹುದು ಎಂದು ಸದಸ್ಯರಿಗೆ ಗೊತ್ತಿತ್ತು ಎಂದೂ ಹೇಳಿರಲಿಲ್ಲ. ಆದರೂ 149ರ ಅಡಿ ಕೊಲೆ ಅಪರಾಧ ಹೊರಿಸಿತ್ತು. ಹಾಗೆ ಆಗಲ್ಲ ಎಂದು ಸುಪ್ರೀಂ ಕೋರ್ಟು ಆ ಭಾಗವನ್ನು ಕಿತ್ತುಹಾಕಿತು.

ಯಾಕೆಂದರೆ 149ರಲ್ಲಿ ಎರಡು ಬಾಗಿಲುಗಳಿವೆ. ನಡೆದ ಅಪರಾಧವೇ ಗುಂಪಿನ ಉದ್ದೇಶದೊಳಗೆ ಇದ್ದರೆ ಮೊದಲ ಬಾಗಿಲು. ಉದ್ದೇಶ ಬೇರೆಯಿತ್ತು, ಆದರೆ ಆ ದಾರಿಯಲ್ಲಿ ಇಂಥದ್ದೊಂದು ನಡೆಯುವ ಸಂಭವವಿದೆ ಎಂದು ಸದಸ್ಯರಿಗೆ ಗೊತ್ತಿದ್ದರೆ ಎರಡನೆಯದು. 'ಆಗಿದ್ದರೂ ಆಗಬಹುದು' ಎನ್ನುವ ತೆಳು ಅನುಮಾನ ಸಾಲದು. ಗೊತ್ತಿತ್ತು ಎಂದು ತೋರಿಸಬೇಕು. ಯಾರ ತಲೆಯೊಳಗೂ ಇಣುಕಲು ಆಗಲ್ಲವಲ್ಲ, ಆದ್ದರಿಂದ ಕೋರ್ಟು ಹೊರಗಿನ ಗುರುತುಗಳನ್ನು ನೋಡುತ್ತದೆ. ಏನು ಹಿಡಿದು ಬಂದರು, ಎಷ್ಟು ಹೊತ್ತಿಗೆ ಬಂದರು, ಏನು ಕೂಗಿದರು, ಏಟು ಕಾಲಿಗೆ ಬಿತ್ತೋ ತಲೆಗೋ, ಬಿದ್ದವನನ್ನು ಮತ್ತೆ ಹೊಡೆದರೋ ಬಿಟ್ಟರೋ.

ಒಂದು ಊಹೆಯ ಪ್ರಕರಣ ಇಟ್ಟುಕೊಂಡು ನೋಡಿದರೆ ಇದು ತಿಳಿಯಾಗುತ್ತದೆ. ಬೇಸಿಗೆ ಬೆಳೆಗೆ ಕಾಲುವೆ ನೀರಿನ ಸರದಿ. ಮೇಲಿನ ಹೊಲದವನು ತನ್ನ ಸರದಿ ಮುಗಿದರೂ ತೂಬು ಮುಚ್ಚಿಲ್ಲ ಎಂದು ಕೆಳಗಿನ ಹೊಲದ ಅಣ್ಣನಿಗೆ ಸಿಟ್ಟು. ರಾತ್ರಿ ಒಂಬತ್ತಕ್ಕೆ ಅಣ್ಣ, ತಮ್ಮ, ಅಣ್ಣನ ಮಗ, ಭಾವಮೈದ, ಇಬ್ಬರು ಕೂಲಿಯಾಳುಗಳು ಟ್ರ್ಯಾಕ್ಟರಿನಲ್ಲಿ ಹೊರಡುತ್ತಾರೆ. ಡ್ರೈವರ್ ಸೇರಿ ಏಳು ಜನ. ಕೈಯಲ್ಲಿ ಬಡಿಗೆ, ಒಂದು ಸಲಿಕೆ. ತೂಬನ್ನು ಬಲವಂತವಾಗಿ ತಮ್ಮ ಕಡೆ ತಿರುಗಿಸುವುದು ಉದ್ದೇಶ. ಡ್ರೈವರ್ ರಸ್ತೆಯಲ್ಲೇ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂರುತ್ತಾನೆ. ತೂಬಿನ ಹತ್ತಿರ ಮಾತಿಗೆ ಮಾತು ಬೆಳೆಯುತ್ತದೆ. ಭಾವಮೈದ ಪಂಚೆಯೊಳಗಿಂದ ಮಚ್ಚು ತೆಗೆದು ಮೇಲಿನ ಹೊಲದವನ ಕುತ್ತಿಗೆಗೆ ಬೀಸುತ್ತಾನೆ. ಮಚ್ಚು ಕಂಡದ್ದೇ ಒಬ್ಬ ಕೂಲಿ ಓಡಿಹೋಗುತ್ತಾನೆ. ಮೇಲಿನ ಹೊಲದವನು ಅಲ್ಲೇ ಸಾಯುತ್ತಾನೆ.

ಬಲವಂತವಾಗಿ ನೀರಿನ ಹಕ್ಕು ಕಸಿಯುವುದು ಪಟ್ಟಿಯಲ್ಲಿರುವ ಉದ್ದೇಶ. ಆದ್ದರಿಂದ ತೂಬಿನ ಬಳಿ ಹೋದ ಆರು ಜನ ಅಕ್ರಮ ಕೂಟ ಎನ್ನುವುದರಲ್ಲಿ ಜಾಸ್ತಿ ತಕರಾರಿಲ್ಲ. ದೊಂಬಿಯ ಕಲಮೂ ಬೀಳುತ್ತದೆ. ಕೊಲೆ? ಭಾವಮೈದನಿಗೆ ನೇರವಾಗಿ. ಉಳಿದವರ ವಿಷಯದಲ್ಲಿ ಇಡೀ ಪ್ರಕರಣ ಆ ಮಚ್ಚಿನ ಮೇಲೆ ನಿಂತಿದೆ. ಅದು ಪಂಚೆಯೊಳಗೆ ಅಡಗಿತ್ತು, ಯಾರಿಗೂ ಗೊತ್ತಿರಲಿಲ್ಲ ಎಂದಾದರೆ, ಮೈಸೂರಿನ ಹಳೆಯ ಪ್ರಕರಣದಂತೆ ಅವರು ಕೊಲೆಯಿಂದ ಪಾರಾಗಬಹುದು. ಅದೇ ಮಚ್ಚು ಟ್ರ್ಯಾಕ್ಟರಿನಲ್ಲಿ ಎಲ್ಲರ ಕಣ್ಣೆದುರು ಬಿದ್ದಿದ್ದರೆ ಎರಡನೆಯ ಬಾಗಿಲು ತೆರೆಯಿತು. ಹೊರಡುವಾಗ ಅಣ್ಣ "ಇವತ್ತು ಅವನದೊಂದು ಮುಗಿಸಿಯೇ ಬರೋಣ" ಎಂದಿದ್ದನ್ನು ನಂಬಲರ್ಹ ಸಾಕ್ಷಿ ಕೇಳಿಸಿಕೊಂಡಿದ್ದರೆ ಮೊದಲ ಬಾಗಿಲೇ ತೆರೆಯಬಹುದು.

ಓಡಿಹೋದ ಕೂಲಿಯದು ಸಮಯದ ಪ್ರಶ್ನೆ. ಅಪರಾಧ ನಡೆಯುವ ಹೊತ್ತಿನಲ್ಲಿ ಸದಸ್ಯನಾಗಿರಬೇಕು ಎನ್ನುತ್ತದೆ ಕಲಂ. ಮಚ್ಚು ಬೀಸುವ ಮೊದಲೇ ಅವನು ಕಾಲ್ಕಿತ್ತಿದ್ದರೆ ಕೊಲೆಯ ಹೊಣೆ ಅವನಿಗಿಲ್ಲ. ಬೀಸಿದ ಮೇಲೆ ಹೆದರಿ ಓಡಿದ್ದರೆ ಓಟವೊಂದೇ ಅವನನ್ನು ಕಾಪಾಡುವುದಿಲ್ಲ, ಆಗ ಮತ್ತೆ ಅವನಿಗೆ ಏನು ಗೊತ್ತಿತ್ತು ಎಂಬಲ್ಲಿಗೇ ಬರಬೇಕು. ಡ್ರೈವರ್ ಬರೀ ಬಾಡಿಗೆಗೆ ಬಂದವನೋ, ಎಲ್ಲ ತಿಳಿದು ಕಾವಲಿಗೆ ಕೂತವನೋ ಎನ್ನುವುದರ ಮೇಲೆ ಅವನ ಗತಿ. ಇನ್ನೂರು ಮೀಟರ್ ದೂರ ಇದ್ದ ಎನ್ನುವುದು ಅವನ ಪರವಾಗಿ ಒಂದು ಅಂಶ ಅಷ್ಟೇ.

ಈಗ ವಿಚಾರಣೆ ಮುಗಿದು ಡ್ರೈವರ್ ಮತ್ತು ಇಬ್ಬರು ಕೂಲಿಗಳು ಬಿಡುಗಡೆಯಾದರು ಎನ್ನೋಣ. ಉಳಿದವರು ನಾಲ್ಕು. ಐದು ಜನ ಇಲ್ಲದೆ ಅಕ್ರಮ ಕೂಟ ಇಲ್ಲ. ಹಾಗಾಗಿ ಕೂಟದ ಹೊಣೆ ಪೂರ್ತಿ ಕುಸಿಯುತ್ತದೆ. ಆರೋಪಪಟ್ಟಿಯಲ್ಲಿ ಹೆಸರಿಸಿದ ಏಳು ಜನರ ಜೊತೆ ಗುರುತು ಸಿಗದ ಬೇರೆಯವರೂ ಇದ್ದರು ಎಂದಿದ್ದು, ಸಾಕ್ಷ್ಯವೂ ಹಾಗೆಯೇ ಹೇಳಿದರೆ ಮಾತ್ರ ಅದು ಉಳಿಯುತ್ತದೆ. ಸುಪ್ರೀಂ ಕೋರ್ಟು 1962ರಲ್ಲಿ ಮೋಹನ್ ಸಿಂಗ್ ಪ್ರಕರಣದಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಿದೆ. ಅಲ್ಲಿ ಐವರಲ್ಲಿ ಇಬ್ಬರು ಬಿಡುಗಡೆಯಾಗಿದ್ದರು. ಉಳಿದವರ ಮೇಲೆ 149 ನಿಲ್ಲಲಿಲ್ಲ, ಆದರೆ 34ನೇ ಕಲಂ ನಿಂತಿತು. ನಮ್ಮ ಎಫ್‌ಐಆರ್‌ಗಳ ಕೊನೆಯಲ್ಲಿ "ಮತ್ತು ಇತರರು" ಎಂಬ ಪದ ಖಾಯಂ ಇರುವುದಕ್ಕೆ ತನಿಖೆಯ ಅನುಕೂಲ ಒಂದು ಕಾರಣ, ಈ ಐದರ ಲೆಕ್ಕ ಇನ್ನೊಂದು.

34ನೇ ಕಲಂ ಎಂದರೆ ಸಮಾನ ಆಶಯ. ಹೊಸ ಸಂಹಿತೆಯಲ್ಲಿ 3(5). ಇದಕ್ಕೆ ಐದು ಜನ ಬೇಡ, ಇಬ್ಬರು ಸಾಕು. ಆದರೆ ಬಿಗಿ ಜಾಸ್ತಿ. ಅಕ್ರಮ ಕೂಟದಲ್ಲಿ ಸದಸ್ಯನಾಗಿದ್ದರೆ ಮುಗಿಯಿತು. ಇಲ್ಲಿ ಇಬ್ಬರ ಮನಸ್ಸೂ ಆ ಅಪರಾಧದ ವಿಷಯದಲ್ಲಿ ಮೊದಲೇ ಕೂಡಿರಬೇಕು, ಜೊತೆಗೆ ಪ್ರತಿಯೊಬ್ಬನೂ ಯಾವುದಾದರೂ ರೀತಿಯಲ್ಲಿ ಕೆಲಸದಲ್ಲಿ ಭಾಗಿಯಾಗಿರಬೇಕು. ಮೊದಲೇ ಎಂದರೆ ವಾರದ ಹಿಂದೆ ಕೂತು ಪ್ಲಾನ್ ಮಾಡಿರಬೇಕು ಎಂದಲ್ಲ. ಏಟು ಬೀಳುವ ಅರೆಗಳಿಗೆ ಮುಂಚೆ ಜಾಗದಲ್ಲೇ ಮನಸ್ಸು ಕೂಡಿದ್ದರೂ ಆಯಿತು.

ಭಾಗಿಯಾಗುವುದು ಎಂದರೆ ಏನು? ಕಲ್ಕತ್ತೆಯ ಶಂಕರಿತೋಲಾ ಅಂಚೆ ಕಚೇರಿಯಲ್ಲಿ 1923ರ ಆಗಸ್ಟ್ 3ರಂದು ಪೋಸ್ಟ್‌ಮಾಸ್ಟರ್ ಹಣ ಎಣಿಸುತ್ತಾ ಕೂತಿದ್ದಾಗ ಕೆಲವರು ಪಿಸ್ತೂಲು ಹಿಡಿದು ಬಂದರು. ಹಣ ಕೇಳಿದರು, ಗುಂಡು ಹಾರಿಸಿದರು, ಪೋಸ್ಟ್‌ಮಾಸ್ಟರ್ ಸತ್ತರು. ಓಡುವಾಗ ಜನ ಬೆನ್ನಟ್ಟಿ ಹಿಡಿದದ್ದು ಬರೇಂದ್ರ ಕುಮಾರ್ ಘೋಷ್ ಎಂಬವನನ್ನು. ಅವನ ವಾದ: ನಾನು ಹೊರಗೆ ಅಂಗಳದಲ್ಲಿ ನಿಂತಿದ್ದೆ, ಹೆದರಿದ್ದೆ, ಗುಂಡು ಹಾರಿಸಿದ್ದು ನಾನಲ್ಲ. 1924ರಲ್ಲಿ, ಆಗ ನಮಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಒಪ್ಪಲಿಲ್ಲ. ಎಲ್ಲರೂ ಸೇರಿ ಮಾಡಿದ ಒಂದೇ ಕೆಲಸದಲ್ಲಿ ಹೊರಗೆ ನಿಂತು ಕಾಯುವುದೂ ಒಂದು ಪಾತ್ರವೇ ಎಂದಿತು. ಇವತ್ತಿಗೂ ದರೋಡೆ ಪ್ರಕರಣಗಳಲ್ಲಿ ಬೈಕ್ ಸ್ಟಾರ್ಟ್ ಇಟ್ಟುಕೊಂಡು ನಿಂತವನ ವಿರುದ್ಧ ಸರ್ಕಾರಿ ವಕೀಲರು ನೆಚ್ಚುವುದು ಈ ತೀರ್ಪನ್ನೇ.

ಇದಕ್ಕೆ ಕಡಿವಾಣ ಹಾಕಿದ್ದು ಇಪ್ಪತ್ತು ವರ್ಷದ ನಂತರ ಬಂದ ಮೆಹಬೂಬ್ ಶಾ ತೀರ್ಪು. ಸಿಂಧೂ ನದಿಯ ದಂಡೆಯಲ್ಲಿ ಜೊಂಡು ಕೊಯ್ದ ವಿಚಾರಕ್ಕೆ ಜಗಳ. ಜೊಂಡು ವಾಪಸ್ ಕಿತ್ತುಕೊಳ್ಳಲು ಹೋದ ಹುಡುಗನಿಗೆ ಎದುರಿನವನು ದೋಣಿಯ ಕೋಲಿನಿಂದ ಹೊಡೆದ. ಹುಡುಗ ಕೂಗಿಕೊಂಡ. ಕೂಗು ಕೇಳಿ ಅವನ ಕಡೆಯ ಇಬ್ಬರು ಬಂದೂಕು ಹಿಡಿದು ಓಡಿಬಂದರು. ಒಬ್ಬ ಹಾರಿಸಿದ ಗುಂಡಿಗೆ ಹೊಡೆದವನು ಸತ್ತ. ಇನ್ನೊಬ್ಬ, ಅಂದರೆ ಮೆಹಬೂಬ್ ಶಾ, ಬೇರೊಬ್ಬನಿಗೆ ಗುಂಡು ಹಾರಿಸಿದ. ಅದು ಸಣ್ಣ ಗಾಯವಾಯಿತು. ಲಾಹೋರ್ ಹೈಕೋರ್ಟು ಅವನಿಗೆ ಮರಣದಂಡನೆಯನ್ನೇ ಕಾಯಂ ಮಾಡಿತ್ತು. 1945ರಲ್ಲಿ ಪ್ರಿವಿ ಕೌನ್ಸಿಲ್ ಕೊಲೆಯ ಆರೋಪದಿಂದ ಅವನನ್ನು ಬಿಟ್ಟಿತು. ಇಬ್ಬರಿಗೂ ಹುಡುಗನನ್ನು ಬಿಡಿಸಬೇಕೆಂಬ ಒಂದೇ ತರದ ಇಚ್ಛೆ ಇತ್ತು, ಆದರೆ ಆ ಮನುಷ್ಯನನ್ನು ಕೊಲ್ಲೋಣ ಎಂದು ಇಬ್ಬರ ಮನಸ್ಸು ಕೂಡಿತ್ತು ಎನ್ನಲು ಏನೂ ಇಲ್ಲ ಎಂದಿತು. ಒಂದೇ ತರದ ಎರಡು ಆಸೆಗಳು ಅಕ್ಕಪಕ್ಕ ಓಡಿದರೆ ಅದು ಸಮಾನ ಆಶಯವಾಗಲ್ಲ. ಕೂಗಿಗೆ ಓಡಿಬಂದವರ ಪ್ರಕರಣಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿವೆ ಎಂದು ನೆನೆಸಿಕೊಂಡರೆ ಈ ಗೆರೆಯ ಬೆಲೆ ತಿಳಿಯುತ್ತದೆ.

ನಮ್ಮ ಕಾಲುವೆಯ ಪ್ರಕರಣಕ್ಕೆ ಬರೋಣ. ನಾಲ್ವರು ಉಳಿದರು, ಮಚ್ಚು ಅಡಗಿತ್ತು. ಭಾವಮೈದ ಬೀಸುವಾಗ ಅಣ್ಣ ಸತ್ತವನ ಎರಡೂ ಕೈ ಹಿಂದಕ್ಕೆ ಹಿಡಿದಿದ್ದ ಎಂದು ಸಾಕ್ಷ್ಯ ಇದ್ದರೆ ಅಣ್ಣನಿಗೆ 3(5) ಅಂಟುತ್ತದೆ. ಆದರೆ ಮಚ್ಚು ಕಂಡ ಮೇಲೂ ಹಿಡಿದಿದ್ದನೋ, ಕಂಡದ್ದೇ ಬಿಟ್ಟನೋ? ಆ ಒಂದೆರಡು ಸೆಕೆಂಡಿನ ಮೇಲೆ ಜೀವಾವಧಿ ತೂಗುತ್ತದೆ. ತಮ್ಮ ಮತ್ತು ಮಗ ಸುಮ್ನೆ ಪಕ್ಕದಲ್ಲಿದ್ದರು ಎಂಬಷ್ಟೇ ಇದ್ದರೆ ಅವರಿಗೆ ಕೊಲೆ ಅಂಟುವುದು ಕಷ್ಟ.

ಕಾನೂನಿನ ಸೂತ್ರ ಇಷ್ಟು. ನನ್ನ ಪ್ರಕಾರ ಸೂತ್ರದಲ್ಲಿ ಅಂಥ ದೋಷವಿಲ್ಲ. ಗುಂಪು ಕಟ್ಟಿಕೊಂಡು ಬಂದವರಲ್ಲಿ ಪ್ರತಿಯೊಬ್ಬನ ಏಟನ್ನೂ ಲೆಕ್ಕ ಹಾಕಿ ಎಂದರೆ, ಕತ್ತಲಲ್ಲಿ ಕೇರಿಗೆ ಬೆಂಕಿ ಬಿದ್ದಾಗ ಜೀವ ಕೈಯಲ್ಲಿ ಹಿಡಿದು ಓಡಿದ ಹೆಂಗಸು ಏನು ಹೇಳಿಯಾಳು? ಕೆಡುವುದೆಲ್ಲ ಸದಸ್ಯರು ಯಾರು ಎಂದು ಸಾಬೀತು ಮಾಡುವಲ್ಲಿ.

ಠಾಣೆಯ ಭಾಷೆಯಿಂದಲೇ ಇದು ಶುರುವಾಗುತ್ತದೆ. ಯಾವುದೇ ಹೊಡೆದಾಟದ ದೂರು ತೆಗೆದು ನೋಡಿ: "ಆರೋಪಿತರೆಲ್ಲರೂ ಸಮಾನ ಉದ್ದೇಶದಿಂದ ಅಕ್ರಮ ಕೂಟ ಕಟ್ಟಿಕೊಂಡು ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಮತ್ತು ದೊಣ್ಣೆಗಳಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ." ಊರು ಬದಲಾದರೂ ವಾಕ್ಯ ಬದಲಾಗುವುದಿಲ್ಲ. ಕಾನೂನಿಗೆ ಬೇಕಾದ ಪದಗಳೆಲ್ಲ ಅದರಲ್ಲಿವೆ. ಯಾರು, ಏನು ಹಿಡಿದು, ಎಲ್ಲಿ ನಿಂತು, ಏನು ಮಾಡಿದ ಎನ್ನುವುದು ಮಾತ್ರ ಇಲ್ಲ. ದ್ವೇಷವಿದ್ದ ಮನೆಯ ಅಜ್ಜನಿಂದ ಕಾಲೇಜು ಹುಡುಗನವರೆಗೆ ಎಲ್ಲರ ಹೆಸರನ್ನೂ ಇದರಲ್ಲಿ ಸೇರಿಸಬಹುದು. ಸೇರಿಸುತ್ತಾರೆ ಕೂಡ. ಮನೆಯ ಗಂಡಸರೆಲ್ಲ ಒಳಗೆ ಹೋದರೆ ಕೇಸು ನಡೆಸಲು ಹೊರಗೆ ಯಾರೂ ಇರಲ್ಲ ಎನ್ನುವುದು ಹಳ್ಳಿಯ ರಾಜಕೀಯದ ಹಳೆಯ ಲೆಕ್ಕ.

ಇದಕ್ಕೆ ಕೋರ್ಟುಗಳು ಕಂಡುಕೊಂಡ ಜರಡಿ ಮಸಲ್ತಿ ಪ್ರಕರಣದ್ದು. ಉತ್ತರ ಪ್ರದೇಶದ ಪ್ರಕರಣ, 1964ರ ತೀರ್ಪು. ದೊಡ್ಡ ಗುಂಪಿನ ಮೇಲೆ ಆರೋಪವಿದ್ದಾಗ, ಒಬ್ಬ ಆರೋಪಿಯನ್ನು ಇಬ್ಬರು, ಮೂವರು ಅಥವಾ ಹೆಚ್ಚು ಸಾಕ್ಷಿಗಳು ಒಂದೇ ರೀತಿಯಾಗಿ ಗುರುತಿಸಿದರೆ ಮಾತ್ರ ಶಿಕ್ಷೆ ಎಂಬ ಪದ್ಧತಿಗೆ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟಿತು. ಇದು ಯಾಂತ್ರಿಕ ಅಂತ ಅನ್ನಿಸಬಹುದು, ಆದರೂ ತಪ್ಪಲ್ಲ ಎಂದಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಸ್ಪಷ್ಟ ಮಾಡಿದೆ: ಪ್ರತಿಯೊಬ್ಬ ಸದಸ್ಯನೂ ತನ್ನ ಕೈಯಾರೆ ಏನಾದರೂ ಮಾಡಿದ ಎಂದು ತೋರಿಸಲೇಬೇಕಿಲ್ಲ. ಸರ್ಕಾರಿ ವಕೀಲರು ಎರಡನೆಯ ಮಾತನ್ನು ಓದುತ್ತಾರೆ, ಆರೋಪಿಗಳ ವಕೀಲರು ಮೊದಲನೆಯದನ್ನು.

ನೋಡಲು ಬಂದವನ ಪಾಡು ಬೇರೆ. ಊರಲ್ಲಿ ಗಲಾಟೆಯಾದರೆ ಮನೆಯೊಳಗೆ ಕೂರುವವರು ಯಾರು? 2002ರಲ್ಲಿ ಗುಜರಾತಿನ ವಡೋದ್ ಎಂಬ ಹಳ್ಳಿಯಲ್ಲಿ ಆದ ಗಲಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಮಾರ್ಚ್‌ನಲ್ಲಿ ಆರು ಜನರನ್ನು ಬಿಡುಗಡೆ ಮಾಡಿತು. ಅವರು ಅದೇ ಊರಿನವರು, ಅಲ್ಲಿ ಕಾಣಿಸಿಕೊಂಡದ್ದು ಸಹಜ. ಅವರ ಕೈಯಲ್ಲಿ ಆಯುಧ ಸಿಕ್ಕಿರಲಿಲ್ಲ, ಜನರನ್ನು ಎತ್ತಿಕಟ್ಟಿದರು ಎಂದು ಯಾರೂ ಹೇಳಿರಲಿಲ್ಲ. ಗುಂಪು ಗಲಭೆಯ ಪ್ರಕರಣಗಳಲ್ಲಿ ನೋಡುಗರು ಅಪರಾಧಿಗಳಾಗಿಬಿಡುವ ಅಪಾಯವಿದೆ, ಎಚ್ಚರದಿಂದ ನೋಡಿ ಎಂದು ಕೋರ್ಟು ಹೇಳಿತು. ಹೇಳಿದ್ದು ಸರಿ. ಆದರೆ ಘಟನೆಯಾಗಿ ಇಪ್ಪತ್ಮೂರು ವರ್ಷವಾಗಿತ್ತು.

ಹಾಗಂತ 'ನಾನು ಸುಮ್ನೆ ನೋಡ್ತಾ ನಿಂತಿದ್ದೆ' ಎಂಬ ಮಾತು ಮಂತ್ರವೇನಲ್ಲ. ಕೇರಿಯ ದಾರಿಗೆ ಅಡ್ಡ ನಿಂತು ಯಾರೂ ಹೊರಗೆ ಹೋಗದಂತೆ ಮಾಡಿದವನೂ ಹಾಗೆಯೇ ಹೇಳುತ್ತಾನೆ. ಬೆಂಕಿ ಬಿದ್ದಾಗ ಚಪ್ಪಾಳೆ ತಟ್ಟಿದವನೂ ಹೇಳುತ್ತಾನೆ. ಗುಂಪಿನ ಜೊತೆ ಬಂದ, ಜೊತೆಯಲ್ಲೇ ಹೋದ, ನಡುವೆ ಕೈಯಲ್ಲಿ ಕಲ್ಲಿತ್ತು ಎಂದು ಮೂರು ಸಾಕ್ಷಿ ಹೇಳಿದರೆ ಅವನು ನೋಡುಗನಲ್ಲ.

ಹೊಸ ಸಂಹಿತೆ ಈ ಹಳೆಯ ವ್ಯವಸ್ಥೆಗೆ ಒಂದು ಹೊಸ ಕೊಂಡಿ ಸೇರಿಸಿದೆ. 103(2)ನೇ ಕಲಂ: ಐದು ಅಥವಾ ಹೆಚ್ಚು ಜನ ಒಟ್ಟಾಗಿ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಜಾಗ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದ್ದೇ ಬೇರೆ ಕಾರಣಕ್ಕೆ ಕೊಲೆ ಮಾಡಿದರೆ ಪ್ರತಿಯೊಬ್ಬ ಸದಸ್ಯನಿಗೂ ಮರಣದಂಡನೆ ಅಥವಾ ಜೀವಾವಧಿ. ಗುಂಪು ಹತ್ಯೆಗೆ ಪ್ರತ್ಯೇಕ ಕಲಂ ಬೇಕೆಂಬ ಕೂಗಿಗೆ ಇದು ಉತ್ತರ. ಕರ್ನಾಟಕದಲ್ಲಿ ಇದು ದೊಡ್ಡದಾಗಿ ಸುದ್ದಿಯಾದದ್ದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ. 2025ರ ಏಪ್ರಿಲ್ 27ರಂದು ಅಲ್ಲಿನ ಕ್ರಿಕೆಟ್ ಮೈದಾನದ ಬಳಿ ಕೇರಳ ಮೂಲದ ಒಬ್ಬನನ್ನು ಗುಂಪು ಹೊಡೆದು ಕೊಂದಿತು ಎಂಬುದು ಆರೋಪ. ಠಾಣೆಯಲ್ಲಿ ಮೊದಲು ದಾಖಲಾದದ್ದು ಅಸಹಜ ಸಾವು ಎಂದು. ಕೊಲೆ ಪ್ರಕರಣವಾಗಿ 103(2) ಬಿದ್ದದ್ದು ಆಮೇಲೆ. ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಆರೋಪ ನಿಲ್ಲುತ್ತದೋ ಇಲ್ಲವೋ ಎನ್ನುವುದನ್ನು ವಿಚಾರಣೆ ಹೇಳಬೇಕು.

ಒಂದು ಮಾತನ್ನು ಮಾತ್ರ ಈಗಲೇ ಹೇಳಬಹುದು. 103(2) ಕೇಳಲು ಗಟ್ಟಿ, ಆದರೆ ಸಾಬೀತು ಮಾಡಲು ಹಳೆಯ ದಾರಿಗಿಂತ ಉದ್ದ. ಸಾಮಾನ್ಯ ಕೊಲೆಯ ಕಲಮಿನ ಜೊತೆ 190 ಸೇರಿಸಿದರೂ ಶಿಕ್ಷೆ ಅಷ್ಟೇ, ಮರಣದಂಡನೆ ಅಥವಾ ಜೀವಾವಧಿ. ಹೊಸ ಕಲಮಿಗೆ ಇದರ ಮೇಲೆ ಕೊಂದ ಕಾರಣವನ್ನೂ ತೋರಿಸಬೇಕು. ಗುಂಪಿನಲ್ಲಿ ಒಬ್ಬ ಭಾಷೆ ನೋಡಿ ಹೊಡೆದ, ಇನ್ನೊಬ್ಬ ಕಳ್ಳ ಎಂದು ತಿಳಿದು ಹೊಡೆದ, ಮೂರನೆಯವನು ಕುಡಿದ ಅಮಲಲ್ಲಿ ಹೊಡೆದ ಎಂದರೆ ಕಾರಣ ಯಾವುದು? ಪಟ್ಟಿಯಲ್ಲಿ ಧರ್ಮ ಎಂಬ ಪದವೂ ನೇರವಾಗಿ ಇಲ್ಲ, ಸಮುದಾಯ, ನಂಬಿಕೆ ಎಂಬ ಪದಗಳಡಿ ಅದನ್ನು ತರಬೇಕು. ಬುದ್ಧಿವಂತ ಸರ್ಕಾರಿ ವಕೀಲ 103(2)ರ ಜೊತೆಗೆ 103(1) ಮತ್ತು 190 ಅನ್ನೂ ಆರೋಪದಲ್ಲಿ ಹಾಕಿಸುತ್ತಾನೆ. ಒಂದು ಬಿದ್ದರೆ ಇನ್ನೊಂದು ಇರಲಿ ಎಂದು.

ಗುಂಪು ಪ್ರಕರಣದಲ್ಲಿ ಹೆಸರು ಸೇರಿದವನಿಗೆ, ಅವನು ನಿಜವಾಗಿ ಅಲ್ಲಿ ಇರಲಿಲ್ಲ ಅಥವಾ ಬರೀ ನೋಡುತ್ತಿದ್ದ ಎಂದಾದರೆ, ಮೊದಲ ಕೆಲವು ವಾರಗಳು ಬಹಳ ಮುಖ್ಯ. ಅಂಗಡಿಯ ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ದಿನ ಅಥವಾ ವಾರಗಳಲ್ಲಿ ಹೊಸದು ರೆಕಾರ್ಡ್ ಆಗಿ ಹಳೆಯದು ಅಳಿಸಿಹೋಗುತ್ತದೆ. ಅದನ್ನು ಕಾಪಾಡಿ ಎಂದು ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬೇರೆ ಊರಲ್ಲಿದ್ದೆ ಎನ್ನುವುದನ್ನು ತೋರಿಸುವ ಭಾರ ಹೇಳಿದವನ ಮೇಲೆಯೇ ಇರುತ್ತದೆ, ಆದ್ದರಿಂದ ಬಸ್ ಟಿಕೆಟ್, ಹಾಜರಿ ಪುಸ್ತಕ, ಹಣ ಪಾವತಿಯ ದಾಖಲೆ, ಮೊಬೈಲ್ ಟವರ್ ವಿವರ ಎಲ್ಲವೂ ಬೇಕು. ಆರೋಪಪಟ್ಟಿ ಬಂದ ಮೇಲೆ ಸಾಕ್ಷಿಗಳ ಹೇಳಿಕೆಗಳಲ್ಲಿ ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳಬೇಕು. ಎಲ್ಲ ಕಡೆ "ಇತರರೊಂದಿಗೆ ಸೇರಿ" ಎಂಬುದು ಬಿಟ್ಟು ಬೇರೆ ಏನೂ ಇಲ್ಲದಿದ್ದರೆ ಪ್ರಕರಣದಿಂದ ಕೈಬಿಡಿ ಎಂದು ಕೇಳಲು ಅದೇ ಆಧಾರ. ಸೆಷನ್ಸ್ ಪ್ರಕರಣಗಳಲ್ಲಿ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 250ನೇ ಕಲಂ ಇದಕ್ಕೆ ಗಡುವು ಹಾಕಿದೆ: ಕೇಸು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ ದಿನದಿಂದ 60 ದಿನ.